ಹಾಲು ಹೆಚ್ಚಾದಾಗ ಖರ್ಚು ಹೆಚ್ಚಿದರೆ ಅದು ತಪ್ಪೇ?
ಸ್ಥಿರ ಬಜೆಟ್ ಮತ್ತು ಹೊಂದಾಣಿಕೆ ಬಜೆಟ್ – ಒಂದು ಪಾಠ



ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಅಂದಾಜು ಆಯವ್ಯಯ, ಅಂದರೆ ಬಜೆಟ್, ಓದುವಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. “ಬಜೆಟ್ಟಿನಲ್ಲಿ ಇಷ್ಟು ಇಟ್ಟಿದ್ದಿರಿ, ಅದಕ್ಕಿಂತ ಹೆಚ್ಚು ಏಕೆ ಖರ್ಚಾಯಿತು?” ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಸಭೆಯಲ್ಲಿ ಬಜೆಟ್ಟಿಗಿಂತ ಕಡಿಮೆ ಖರ್ಚು ಮಾಡಿದ ವಿಭಾಗವನ್ನು ಯಾರೂ ಏನೂ ಕೇಳುವುದಿಲ್ಲ. ಕೆಲವೊಮ್ಮೆ ಚಪ್ಪಾಳೆಯೂ ಸಿಗುತ್ತದೆ. ಹೆಚ್ಚು ಖರ್ಚು ಮಾಡಿದವರು ಮಿತವ್ಯಯಿಗಳಾಗಿರಬಹುದು, ಕಡಿಮೆ ಖರ್ಚು ಮಾಡಿದವರು ಪೋಲು ಮಾಡಿರಬಹುದು. ಅದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕೊಟ್ಟಿಗೆಯಲ್ಲೇ ಇರುವ ಲೆಕ್ಕ

ಹಸುವಿಗೆ ಪಶು ಆಹಾರ ಕೊಡುವ ಲೆಕ್ಕ ನಮಗೆಲ್ಲ ಗೊತ್ತು. ಶರೀರ ಪೋಷಣೆಗೆ ದಿನಕ್ಕೆ 2 ಕೆ.ಜಿ.ವರೆಗೆ, ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ. ಹಸು 8 ಲೀಟರ್ ಕೊಡುತ್ತದೆ ಎಂದು ನೀವು ತಿಂಗಳ ಮೊದಲೇ ಅಂದಾಜು ಮಾಡಿದಿರಿ ಎನ್ನಿ. ಆಗ ದಿನಕ್ಕೆ 2 ಕೆ.ಜಿ. ಮತ್ತು 3.2 ಕೆ.ಜಿ. ಸೇರಿ 5.2 ಕೆ.ಜಿ. ಆಹಾರ ಸಾಕು.

ಈಗ ಹಸು 12 ಲೀಟರ್ ಕೊಟ್ಟಿತು, ಮನೆಯವರು 6.5 ಕೆ.ಜಿ. ಆಹಾರ ಹಾಕಿದರು. 5.2 ಕೆ.ಜಿ. ಬದಲು 6.5 ಕೆ.ಜಿ. ಹಾಕಿದಿರೆಂದು ಯಾವ ರೈತನೂ ಮನೆಯವರನ್ನು ಬೈಯುವುದಿಲ್ಲ. 12 ಲೀಟರಿಗೆ 6.8 ಕೆ.ಜಿ.ವರೆಗೆ ಹಾಕಬಹುದಿತ್ತು. ವಾಸ್ತವವಾಗಿ ಅವರು ಉಳಿಸಿದ್ದಾರೆ. ಇನ್ನೊಬ್ಬರ ಮನೆಯಲ್ಲಿ ಅಂಥದೇ ಹಸು 5 ಲೀಟರಿಗೆ ಇಳಿಯಿತು, ಆದರೂ 5 ಕೆ.ಜಿ. ಆಹಾರ ಹಾಕುತ್ತಲೇ ಇದ್ದರು. ಅಂದಾಜಿಗಿಂತ 200 ಗ್ರಾಂ ಕಡಿಮೆಯೇ ಆಯಿತು. ಆದರೆ 5 ಲೀಟರಿಗೆ 4 ಕೆ.ಜಿ. ಸಾಕಿತ್ತು, ದಿನಕ್ಕೆ 1 ಕೆ.ಜಿ. ದಂಡವಾಯಿತು.

ಮೊದಲೇ ಗೊತ್ತುಮಾಡಿ, ಹಾಲು ಎಷ್ಟೇ ಬರಲಿ ಬದಲಿಸದೆ ಇಟ್ಟ 5.2 ಕೆ.ಜಿ. ಸ್ಥಿರ ಬಜೆಟ್. “2 ಕೆ.ಜಿ., ಮತ್ತು ಲೀಟರಿಗೆ 400 ಗ್ರಾಂ” ಎಂಬ ಸೂತ್ರ ಹೊಂದಾಣಿಕೆ ಬಜೆಟ್. ಲೆಕ್ಕಿಗರು ಇದನ್ನು ಫ್ಲೆಕ್ಸಿಬಲ್ ಬಜೆಟ್ ಎನ್ನುತ್ತಾರೆ. ನಡೆದ ಕೆಲಸವನ್ನು ಈ ಸೂತ್ರಕ್ಕೆ ಹಾಕಿ, ಅಷ್ಟು ಕೆಲಸಕ್ಕೆ ಎಷ್ಟು ಖರ್ಚು ಸಲ್ಲುತ್ತಿತ್ತು ಎಂದು ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುತ್ತಾರೆ. ಹೋಲಿಕೆ ಮಾಡುವುದು ಈ ಮೊತ್ತದೊಂದಿಗೆ.

ಶೀತಲೀಕರಣ ಕೇಂದ್ರದ ಉದಾಹರಣೆ

ಈಗ ಇದೇ ಲೆಕ್ಕವನ್ನು ಒಂದು ವಿಭಾಗಕ್ಕೆ ಹಾಕೋಣ. ಹಲವು ಹಳ್ಳಿಗಳಲ್ಲಿ ಬಲ್ಕ್ ಕೂಲರ್ ಬಂದಿದ್ದರೂ, ಇಲ್ಲಿ ಕ್ಯಾನುಗಳಲ್ಲಿ ಹಾಲು ಬಂದು ಸೇರುವ ಶೀತಲೀಕರಣ ಕೇಂದ್ರವನ್ನು ತೆಗೆದುಕೊಳ್ಳೋಣ. ಅಂಕಿಗಳು ಪಾಠಕ್ಕಾಗಿ ಕಲ್ಪಿಸಿಕೊಂಡವು, ಯಾವುದೇ ಒಕ್ಕೂಟದವಲ್ಲ.

ಒಂದು ಒಕ್ಕೂಟಕ್ಕೆ ಒಂದೇ ಅಳತೆಯ ಎರಡು ಕೇಂದ್ರಗಳಿವೆ. ಮೂಡಣ ಕೇಂದ್ರ, ಪಡುವಣ ಕೇಂದ್ರ ಎಂದು ಕರೆಯೋಣ. ತಲಾ 60 ಸಂಘಗಳು. ದಿನಕ್ಕೆ 20,000 ಲೀಟರಿನಂತೆ 30 ದಿನಗಳ ತಿಂಗಳಿಗೆ 6,00,000 ಲೀಟರ್ ಬರುತ್ತದೆಂದು ಭಾವಿಸಿ ಎರಡಕ್ಕೂ ಒಂದೇ ಬಜೆಟ್ ಕೊಟ್ಟಿದ್ದಾರೆ.

| ಬಾಬ್ತು | 6,00,000 ಲೀಟರಿಗೆ ರೂ. |
|---|---|
| ವಿದ್ಯುತ್ | 1,26,000 |
| ಕ್ಯಾನ್ ತೊಳೆಯುವ ಸೋಡಾ, ಬಿಸಿನೀರಿನ ಉರುವಲು | 30,000 |
| ಕ್ಯಾನ್ ಇಳಿಸುವ ಹಮಾಲಿ | 60,000 |
| ಡೈರಿಗೆ ಟ್ಯಾಂಕರ್ ಬಾಡಿಗೆ | 2,10,000 |
| ಹಾಲು ಪರೀಕ್ಷೆಯ ರಾಸಾಯನಿಕ | 18,000 |
| ಸಿಬ್ಬಂದಿ ವೇತನ | 2,40,000 |
| ಕಾವಲು, ದುರಸ್ತಿ, ಇತರೆ | 66,000 |
| ಒಟ್ಟು | 7,50,000 |

ಆ ತಿಂಗಳು ಮೂಡಣ ಭಾಗದಲ್ಲಿ ಮಳೆ ಚೆನ್ನಾಗಿ ಬಂದು ಹಸಿರು ಮೇವು ಹೇರಳವಾಯಿತು. ಕೇಂದ್ರಕ್ಕೆ 7,50,000 ಲೀಟರ್ ಬಂತು, ಖರ್ಚು 8,85,000 ರೂ. ಆಯಿತು. ಪಡುವಣದಲ್ಲಿ ಹಾಲು 4,80,000 ಲೀಟರಿಗೆ ಇಳಿಯಿತು, ಖರ್ಚು 7,38,000 ರೂ. ಆಯಿತು. ಸ್ಥಿರ ಬಜೆಟ್ಟಿನೊಂದಿಗೆ ಹೋಲಿಸಿದರೆ ಮೂಡಣ ಕೇಂದ್ರ 1,35,000 ರೂ. ಹೆಚ್ಚು ಖರ್ಚು ಮಾಡಿದೆ. ಪಡುವಣ ಕೇಂದ್ರ 12,000 ರೂ. ಉಳಿಸಿದೆ. ಹೀಗಾಗಿ ಮೂಡಣದ ಮುಖ್ಯಸ್ಥರಿಗೆ ವಿವರಣೆ ಕೇಳುವ ಪತ್ರ ಹೋಗುತ್ತದೆ, ಪಡುವಣದವರಿಗೆ ಮೆಚ್ಚುಗೆ ಸಿಗುತ್ತದೆ.

ಖರ್ಚಿನ ಸ್ವಭಾವ ತಿಳಿಯಬೇಕು

ಈ ತೀರ್ಪು ಸರಿಯೇ ಎಂದು ನೋಡಲು ಪ್ರತಿ ಬಾಬ್ತನ್ನೂ “ಇದು ಏತರಿಂದ ಏರುತ್ತದೆ, ಏತರಿಂದ ಇಳಿಯುತ್ತದೆ?” ಎಂದು ಕೇಳಬೇಕು.

ಹಮಾಲಿ ಲೆಕ್ಕ ಸುಲಭ. 40 ಲೀಟರಿನ ಒಂದು ಕ್ಯಾನಿಗೆ 4 ರೂ. ಎಂದರೆ 1,000 ಲೀಟರಿಗೆ 100 ರೂ. ಹಾಲು ಏರಿದಷ್ಟೂ ಏರುತ್ತದೆ. ಕ್ಯಾನ್ ತೊಳೆಯುವ ಖರ್ಚೂ ಹಾಗೆಯೇ, 1,000 ಲೀಟರಿಗೆ 50 ರೂ.

ವೇತನ, ಕಾವಲು ಮುಂತಾದವು ಹಾಲು ಹೆಚ್ಚಾದರೂ ಕಡಿಮೆಯಾದರೂ ಅಷ್ಟೇ.

ವಿದ್ಯುತ್ತು ಇವೆರಡರ ಮಿಶ್ರಣ. ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ, ದೀಪ, ಕೊಳವೆ ಬಾವಿಯ ಪಂಪು, ಖಾಲಿ ಇದ್ದರೂ ತಂಪಾಗಿಯೇ ಇಡಬೇಕಾದ ಐಸ್ ಬ್ಯಾಂಕ್, ಇವೆಲ್ಲ ಸೇರಿ ತಿಂಗಳಿಗೆ 30,000 ರೂ. ಎನ್ನೋಣ. ಹಾಲನ್ನು 4 ಡಿಗ್ರಿಗೆ ಇಳಿಸಲು 1,000 ಲೀಟರಿಗೆ 20 ಯೂನಿಟ್, ಯೂನಿಟ್ಟಿಗೆ 8 ರೂ.ನಂತೆ 160 ರೂ. ಇದು ನಮ್ಮ ಹಸುವಿನ ಆಹಾರದಂತೆಯೇ: ಶರೀರ ಪೋಷಣೆಗೊಂದಿಷ್ಟು, ಹಾಲಿಗೊಂದಿಷ್ಟು.

ಟ್ಯಾಂಕರ್ ಬಾಡಿಗೆ ಮೆಟ್ಟಿಲಿನಂತೆ ಏರುತ್ತದೆ. 10,000 ಲೀಟರಿನ ಟ್ಯಾಂಕರ್, ಒಂದು ಸಲಕ್ಕೆ 3,500 ರೂ. ದಿನಕ್ಕೆ 20,000 ಲೀಟರಿಗೆ ಎರಡು ಸಲ ಹೋದರೆ ಸಾಕು. 16,000 ಲೀಟರ್ ಬಂದರೂ ಎರಡು ಸಲ ಹೋಗಲೇಬೇಕು. 25,000 ಬಂದರೆ ಮೂರನೆಯ ಸಲ ಅರ್ಧ ಖಾಲಿಯಾಗಿಯಾದರೂ ಹೊರಡಬೇಕು.

ಪರೀಕ್ಷೆಯ ರಾಸಾಯನಿಕದಲ್ಲಿ ಹಲವರು ಎಡವುತ್ತಾರೆ. ಹಾಲು ಹೆಚ್ಚಾದರೆ ಇದೂ ಹೆಚ್ಚುತ್ತದೆ ಎಂದು ಕಾಣುತ್ತದೆ. ಗರ್ಬರ್ ವಿಧಾನದಲ್ಲಿ ಜಿಡ್ಡು ನೋಡಲು ಒಂದು ಮಾದರಿಗೆ 10 ಮಿ.ಲೀ. ಗಂಧಕಾಮ್ಲ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬೇಕು. ಸಂಘ 200 ಲೀಟರ್ ಕಳಿಸಲಿ, 400 ಲೀಟರ್ ಕಳಿಸಲಿ, ಮಾದರಿ ಒಂದೇ. 60 ಸಂಘ, ದಿನಕ್ಕೆ ಎರಡು ಹೊತ್ತು, 30 ದಿನ ಎಂದರೆ 3,600 ಮಾದರಿ. ಮಾದರಿಗೆ 5 ರೂ.ನಂತೆ 18,000 ರೂ. ಹೊಸ ಸಂಘ ಸೇರಿದರೆ ಮಾತ್ರ ಇದು ಏರುತ್ತದೆ. ಇದನ್ನು ಲೀಟರಿಗೆ ಕಟ್ಟಿದರೆ ಹಾಲು ಹೆಚ್ಚಾದ ತಿಂಗಳು ಕೇಂದ್ರಕ್ಕೆ ಸುಳ್ಳು ಉಳಿತಾಯ ಕಾಣುತ್ತದೆ. ಆದ್ದರಿಂದ ಖರ್ಚನ್ನು ನಿಜವಾಗಿ ಏರಿಸುವುದು ಲೀಟರೋ, ಮಾದರಿಯೋ, ಟ್ಯಾಂಕರಿನ ಸರದಿಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಇಷ್ಟನ್ನೂ ಕೂಡಿಸಿದರೆ ಕೇಂದ್ರದ ಸೂತ್ರ ಹೀಗಾಗುತ್ತದೆ: ಬದಲಾಗದ ಖರ್ಚು 3,54,000 ರೂ.; 1,000 ಲೀಟರಿಗೆ 310 ರೂ.; ಟ್ಯಾಂಕರ್ ಒಂದು ಸಲಕ್ಕೆ 3,500 ರೂ. 6,00,000 ಲೀಟರಿಗೆ ಈ ಸೂತ್ರ ಹಾಕಿದರೆ ಮೊದಲಿನ 7,50,000 ರೂ. ತಾನಾಗಿಯೇ ಬರುತ್ತದೆ.

ತೀರ್ಪು ತಿರುಗಿತು

ಮೂಡಣ ಕೇಂದ್ರದ 7,50,000 ಲೀಟರಿಗೆ 310 ರೂ.ನಂತೆ 2,32,500 ರೂ. ಟ್ಯಾಂಕರ್ 90 ಸಲ, 3,15,000 ರೂ. ಬದಲಾಗದ್ದು 3,54,000 ರೂ. ಒಟ್ಟು ಸಲ್ಲಬೇಕಾದ ಖರ್ಚು 9,01,500 ರೂ. ಆದದ್ದು 8,85,000 ರೂ. ಅಂದರೆ 16,500 ರೂ. ಉಳಿತಾಯ.

ಪಡುವಣ ಕೇಂದ್ರದ 4,80,000 ಲೀಟರಿಗೆ 1,48,800 ರೂ. ಟ್ಯಾಂಕರ್ 60 ಸಲ, 2,10,000 ರೂ. ಬದಲಾಗದ್ದು 3,54,000 ರೂ. ಒಟ್ಟು 7,12,800 ರೂ. ಸಲ್ಲುತ್ತಿತ್ತು. ಆದದ್ದು 7,38,000 ರೂ. ಅಂದರೆ 25,200 ರೂ. ಹೆಚ್ಚುವರಿ.

| | ಮೂಡಣ ರೂ. | ಪಡುವಣ ರೂ. |
|---|---|---|
| ಮೊದಲ ಬಜೆಟ್ | 7,50,000 | 7,50,000 |
| ಬಂದ ಹಾಲಿಗೆ ಸಲ್ಲುವ ಖರ್ಚು | 9,01,500 | 7,12,800 |
| ಆದ ಖರ್ಚು | 8,85,000 | 7,38,000 |
| ಹಾಲಿನ ಏರಿಳಿತದಿಂದಾದ ವ್ಯತ್ಯಾಸ | 1,51,500 ಹೆಚ್ಚು | 37,200 ಕಡಿಮೆ |
| ನಿರ್ವಹಣೆಯಿಂದಾದ ವ್ಯತ್ಯಾಸ | 16,500 ಉಳಿತಾಯ | 25,200 ಹೆಚ್ಚುವರಿ |

ವಿವರಣೆ ಕೇಳಬೇಕಾದದ್ದು ಪಡುವಣ ಕೇಂದ್ರದವರನ್ನು. ಯಾವುದರ ಬಗ್ಗೆ ಕೇಳಬೇಕು ಎಂಬುದೂ ಬಾಬ್ತುವಾರು ನೋಡಿದರೆ ತಿಳಿಯುತ್ತದೆ. 25,200 ರೂ.ಗಳಲ್ಲಿ 17,200 ರೂ. ವಿದ್ಯುತ್ತಿನದು: ಸಲ್ಲುವುದು 1,06,800, ಬಿಲ್ಲು ಬಂದದ್ದು 1,24,000. ತೊಳೆಯುವ ಸೋಡಾ ಮತ್ತು ಉರುವಲಿನಲ್ಲಿ 5,000 ರೂ., ದುರಸ್ತಿ ಮುಂತಾದ ಇತರೆಯಲ್ಲಿ 3,000 ರೂ. ಸ್ಥಿರ ಬಜೆಟ್ಟಿನಲ್ಲಿ ವಿದ್ಯುತ್ತಿಗೆ 1,26,000 ಇದ್ದುದರಿಂದ 1,24,000ದ ಬಿಲ್ಲು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ವಿದ್ಯುತ್ ದರ ಬದಲಾಗದಿದ್ದರೆ 17,200 ರೂ. ಎಂದರೆ 2,150 ಯೂನಿಟ್. ಅದು ಎಲ್ಲಿ ಹೋಯಿತು? ಕಂಪ್ರೆಸರಿನ ಲಾಗ್ ಪುಸ್ತಕ ತೆರೆಯಬೇಕು. ಹಾಲು ಐದರಲ್ಲಿ ಒಂದು ಪಾಲು ಕಡಿಮೆಯಾದರೂ ಕಂಪ್ರೆಸರ್ ಓಡಿದ ಗಂಟೆ ಕಡಿಮೆಯಾಗಿಲ್ಲವೇ? ಕಂಡೆನ್ಸರಿನ ಒತ್ತಡ ಎಂದಿಗಿಂತ ಹೆಚ್ಚು ಬರೆದಿದೆಯೇ? ಹಾಗಿದ್ದರೆ ಕೊಳವೆಗಳಲ್ಲಿ ಗಡಸು ನೀರಿನ ಸುಣ್ಣ ಕಟ್ಟಿರಬಹುದು, ಇಲ್ಲವೇ ಅಮೋನಿಯಾ ವ್ಯವಸ್ಥೆಯೊಳಗೆ ಗಾಳಿ ಸೇರಿರಬಹುದು. ಒತ್ತಡ ಸರಿಯಾಗಿದ್ದರೆ ತಣ್ಣೀರಿನ ಕೊಳವೆಗಳ ಶಾಖನಿರೋಧಕ ಹೊದಿಕೆ ಹರಿದಿದೆಯೇ ನೋಡಬೇಕು. ಹೀಗೆ ಲೆಕ್ಕದ ಪುಸ್ತಕದಿಂದ ಯಂತ್ರದವರೆಗೆ ದಾರಿ ತೋರಿದಾಗಲೇ ಬಜೆಟ್ಟಿನಿಂದ ಪ್ರಯೋಜನ.

ದರ ಏರಿದ್ದರೆ ಮಾತು ಬೇರೆ. ಆಗ ಮೊದಲು ಯೂನಿಟ್ಟಿಗೆ ಯೂನಿಟ್ ಹೋಲಿಸಬೇಕು. ದರದಿಂದ ಹೆಚ್ಚಾದ ಹಣಕ್ಕೆ ಕೇಂದ್ರದವರು ಹೊಣೆಯಲ್ಲ.

“ಲೀಟರಿಗೆ ಎಷ್ಟು ಪೈಸೆ” ಎಂಬ ಲೆಕ್ಕ ಸಾಲದೇ?

ಕೆಲವರು “ಇಷ್ಟೆಲ್ಲ ಏಕೆ, ಲೀಟರಿಗೆ ಎಷ್ಟು ಬಿತ್ತು ನೋಡಿದರಾಯಿತು” ಎನ್ನಬಹುದು. ನೋಡೋಣ. ಬಜೆಟ್ಟಿನಲ್ಲಿ ಲೀಟರಿಗೆ 1 ರೂ. 25 ಪೈಸೆ. ಮೂಡಣದಲ್ಲಿ ಬಿದ್ದದ್ದು 1 ರೂ. 18 ಪೈಸೆ, 7 ಪೈಸೆ ಉಳಿತಾಯ. ಪಡುವಣದಲ್ಲಿ ಸುಮಾರು 1 ರೂ. 54 ಪೈಸೆ, 29 ಪೈಸೆ ಹೆಚ್ಚು.

ಈ ಸಲ ತಪ್ಪು ಇನ್ನೊಂದು ಕಡೆಗೆ ವಾಲಿತು. ಬದಲಾಗದ 3,54,000 ರೂ. ಹೆಚ್ಚು ಲೀಟರುಗಳಿಗೆ ಹಂಚಿದರೆ ಲೀಟರಿನ ಖರ್ಚು ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಯಾರ ಜಾಣತನವೂ ಬೇಕಿಲ್ಲ. ಮೂಡಣದ 7 ಪೈಸೆಯಲ್ಲಿ ನಿರ್ವಹಣೆಯ ಪಾಲು ಸುಮಾರು 2 ಪೈಸೆ ಮಾತ್ರ. ಪಡುವಣದ 29 ಪೈಸೆಯಲ್ಲಿ ನಿಜವಾದ ಪೋಲು ಸುಮಾರು 5 ಪೈಸೆ, ಉಳಿದದ್ದು ಹಾಲು ಇಳಿದುದರ ಫಲ. ಒಟ್ಟು ರೂಪಾಯಿ ನೋಡಿದರೆ ಬೆಳೆಯುವ ಕೇಂದ್ರಕ್ಕೆ ಅನ್ಯಾಯ. ಲೀಟರಿನ ಪೈಸೆ ನೋಡಿದರೆ ಹಾಲು ಇಳಿದ ಕೇಂದ್ರಕ್ಕೆ ಅನ್ಯಾಯ. ಎರಡೂ ತಪ್ಪುಗಳಿಂದ ತಪ್ಪಿಸುವುದು ಸೂತ್ರದ ಲೆಕ್ಕ.

ಬದಲಾಗದ ಭಾಗವನ್ನು ಕಂಡುಹಿಡಿಯುವುದು ಹೇಗೆ?

ವಿದ್ಯುತ್ ಬಿಲ್ಲಿನಲ್ಲಿ 30,000 ಬೇರೆ, 160 ಬೇರೆ ಎಂದು ಯಾರೂ ಬರೆದುಕೊಡುವುದಿಲ್ಲ. ಹಳೆಯ ಬಿಲ್ಲುಗಳಲ್ಲಿ ಅತಿ ಹೆಚ್ಚು ಹಾಲು ಬಂದ ತಿಂಗಳು, ಅತಿ ಕಡಿಮೆ ಬಂದ ತಿಂಗಳು ಎರಡನ್ನು ತೆಗೆದುಕೊಳ್ಳಿ. 7,00,000 ಲೀಟರಿನ ತಿಂಗಳು ಬಿಲ್ಲು 1,42,000 ರೂ., 4,50,000 ಲೀಟರಿನ ತಿಂಗಳು 1,02,000 ರೂ. ಎನ್ನಿ. ಹಾಲಿನ ವ್ಯತ್ಯಾಸ 2,50,000 ಲೀಟರ್, ಹಣದ ವ್ಯತ್ಯಾಸ 40,000 ರೂ. ಭಾಗಿಸಿದರೆ 1,000 ಲೀಟರಿಗೆ 160 ರೂ. ಹಾಗಾದರೆ 7,00,000 ಲೀಟರಿಗೆ 1,12,000 ರೂ. ಅದನ್ನು 1,42,000ದಿಂದ ಕಳೆದರೆ ಉಳಿಯುವ 30,000 ರೂ. ಬದಲಾಗದ ಭಾಗ.

ಎರಡೂ ತಿಂಗಳಲ್ಲಿ ವಿದ್ಯುತ್ ದರ ಒಂದೇ ಇರಬೇಕು. ಯಂತ್ರ ಕೆಟ್ಟ ತಿಂಗಳು, ಹೆಚ್ಚು ಹೊತ್ತು ಜನರೇಟರ್ ಓಡಿಸಿದ ತಿಂಗಳು ಬೇಡ. ಕಡು ಬೇಸಿಗೆಯ ತಿಂಗಳನ್ನು ಚಳಿಗಾಲದ ತಿಂಗಳೊಂದಿಗೆ ಹೋಲಿಸಿದರೂ ಲೆಕ್ಕ ಕೆಡುತ್ತದೆ. ಬೇಸಿಗೆಯಲ್ಲಿ ಹಾಲೂ ಬಿಸಿಯಾಗಿ ಬರುತ್ತದೆ, ಕಂಡೆನ್ಸರಿನ ನೀರೂ ಬಿಸಿಯಾಗಿರುತ್ತದೆ.

ಹೊಂದಾಣಿಕೆ ಬಜೆಟ್ ಹೇಳದೆ ಬಿಡುವ ಮಾತುಗಳು

ಈ ಬಜೆಟ್ಟಿಗೂ ಮಿತಿಯಿದೆ. ಪಡುವಣದಲ್ಲಿ ಹಾಲು 1,20,000 ಲೀಟರ್ ಏಕೆ ಕಡಿಮೆಯಾಯಿತು ಎಂದು ಇದು ಕೇಳುವುದೇ ಇಲ್ಲ. ಇಳಿದ ಹಾಲಿಗೆ ತಕ್ಕ ಖರ್ಚನ್ನು ಒಪ್ಪಿಕೊಂಡು ಸುಮ್ಮನಾಗುತ್ತದೆ. ಮೇವಿನ ಕೊರತೆಯಿಂದ ಇಳಿದಿದ್ದರೆ ಅದು ಕೇಂದ್ರದ ಹೊಣೆಯಲ್ಲ. ಖಾಸಗಿಯವರ ಕಡೆಗೆ ಹೋಗಿದ್ದರೆ ಪ್ರಶ್ನೆ ಶೇಖರಣಾ ವಿಭಾಗಕ್ಕೆ ಹೋಗಬೇಕು. ಕೇಂದ್ರದಲ್ಲಿ ಕ್ಯಾನುಗಳು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಹಾಲು ಹುಳಿಯಾಗಿ ತಿರಸ್ಕೃತವಾಗಿ, ಸದಸ್ಯರು ಬೇಸತ್ತು ಬಿಟ್ಟಿದ್ದರೆ ಆಗ ಕೇಂದ್ರವೇ ಹೊಣೆ. ಇದಕ್ಕಾಗಿಯೇ ಸ್ಥಿರ ಬಜೆಟ್ಟನ್ನು ಎಸೆಯಬಾರದು. ಎಷ್ಟು ಹಾಲಿನ ಗುರಿ ಇಟ್ಟಿದ್ದೆವು, ಎಷ್ಟು ಹಣ ಒದಗಿಸಿಕೊಳ್ಳಬೇಕು ಎಂಬುದನ್ನು ಅದು ಹೇಳುತ್ತದೆ. ಗುರಿಗೆ ಸ್ಥಿರ ಬಜೆಟ್, ನಿರ್ವಹಣೆಯ ತೀರ್ಪಿಗೆ ಹೊಂದಾಣಿಕೆ ಬಜೆಟ್. ಮೇಲಿನ ಕೋಷ್ಟಕದಂತೆ ಎರಡನ್ನೂ ಪಕ್ಕದಲ್ಲಿಟ್ಟೇ ವರದಿ ಕೊಡಬೇಕು.

ಕೆಲಸ ಆಗದೆ ಉಳಿದರೂ ಈ ಲೆಕ್ಕದಲ್ಲಿ ಅದು ಉಳಿತಾಯವಾಗಿಯೇ ಕಾಣುತ್ತದೆ. ಸೋಡಾ ಕಡಿಮೆ ಹಾಕಿ ಕ್ಯಾನ್ ತೊಳೆದರೂ ಹಣ ಉಳಿಯುತ್ತದೆ, ಹಾಲನ್ನು 4 ಡಿಗ್ರಿಗೆ ಇಳಿಸದೆ 7 ಡಿಗ್ರಿಗೆ ನಿಲ್ಲಿಸಿದರೂ ಉಳಿಯುತ್ತದೆ. ಆದ್ದರಿಂದ ಉಳಿತಾಯದ ಅಂಕಿಯ ಪಕ್ಕದಲ್ಲೇ ಡೈರಿಗೆ ಹೋದ ಟ್ಯಾಂಕರಿನ ಹಾಲಿನ ಉಷ್ಣಾಂಶ, ಹುಳಿ ಬಂದ ಹಾಲಿನ ಪ್ರಮಾಣ ಇವನ್ನೂ ನೋಡಬೇಕು.

ಸೂತ್ರಕ್ಕೂ ಒಂದು ಎಲ್ಲೆ ಇದೆ. ಹಾಲು ದಿನಕ್ಕೆ 40,000 ಲೀಟರಿಗೆ ಏರಿದರೆ ಈಗಿನ ಸಿಬ್ಬಂದಿಯೂ ಕಂಪ್ರೆಸರೂ ಸಾಲುವುದಿಲ್ಲ. ಆಗ “ಬದಲಾಗದ” 3,54,000 ರೂ. ಬದಲಾಗಲೇಬೇಕು, ಹೊಸ ಸೂತ್ರ ಮಾಡಬೇಕು.

ನೀವೇ ಮಾಡಿ ನೋಡಿ

ಮುಂದಿನ ತಿಂಗಳು ಪಡುವಣ ಕೇಂದ್ರಕ್ಕೆ ದಿನಕ್ಕೆ 22,000 ಲೀಟರಿನಂತೆ 6,60,000 ಲೀಟರ್ ಬಂತು. ಖರ್ಚು 8,60,000 ರೂ. ಆಯಿತು. ಇದು ಉಳಿತಾಯವೋ, ಪೋಲೋ?

ಉತ್ತರ: 6,60,000 ಲೀಟರಿಗೆ 310 ರೂ.ನಂತೆ 2,04,600 ರೂ. ಬದಲಾಗದ್ದು 3,54,000 ರೂ. ದಿನಕ್ಕೆ ಮೂರು ಸಲ ಟ್ಯಾಂಕರ್ ಎಂದು ಒಪ್ಪಿದರೆ 90 ಸಲಕ್ಕೆ 3,15,000 ರೂ. ಒಟ್ಟು 8,73,600 ರೂ., ಅಂದರೆ 13,600 ರೂ. ಉಳಿತಾಯ. ಆದರೆ ಇಲ್ಲಿ ನಿಲ್ಲಬೇಡಿ. ಮೂರನೆಯ ಟ್ಯಾಂಕರ್ ದಿನವೂ 2,000 ಲೀಟರ್ ಮಾತ್ರ ಹೊತ್ತು ಹೋಗುತ್ತಿದೆ. ಕೇಂದ್ರದ ತೊಟ್ಟಿಯಲ್ಲಿ ಮಿಕ್ಕ ಹಾಲನ್ನು 4 ಡಿಗ್ರಿಯಲ್ಲಿ ಕಾದಿಟ್ಟು, ಹಳೆಯದನ್ನು ಮೊದಲು ತುಂಬಿಸಿ, ಟ್ಯಾಂಕರ್ ತುಂಬುವಷ್ಟಾದಾಗಲೇ ಕಳಿಸಿದ್ದರೆ 66 ಸಲ, 2,31,000 ರೂ. ಸಾಕಿತ್ತು. ಆಗ ಸಲ್ಲುವ ಖರ್ಚು 7,89,600 ರೂ., ಹೆಚ್ಚುವರಿ 70,400 ರೂ. ಆದರೆ ಹೀಗೆ ತಡೆದಿಡುವಾಗ ಮಿಕ್ಕ ಹಾಲು ಕೆಲವು ದಿನ 8,000 ಲೀಟರ್ ಮುಟ್ಟುತ್ತದೆ, ದಿನದ ಹಾಲಿನ ಜೊತೆಗೆ ಅಷ್ಟಕ್ಕೂ ತೊಟ್ಟಿಯಲ್ಲಿ ಜಾಗ ಬೇಕು.

ಅಂದರೆ ತೀರ್ಪು ತೊಟ್ಟಿಯ ಅಳತೆಯ ಮೇಲೆ ನಿಂತಿದೆ. ತೊಟ್ಟಿ ಸಾಲದಿದ್ದರೆ ಮುಖ್ಯಸ್ಥರು ಉಳಿಸಿದ್ದಾರೆ, ಸಾಲುವಂತಿದ್ದರೆ ಕಳೆದಿದ್ದಾರೆ. ಸಭೆಯಲ್ಲಿ ಸೂತ್ರ ಮಂಡಿಸಿದಾಗ ಸದಸ್ಯರು ಕೇಳಬೇಕಾದ ಪ್ರಶ್ನೆ ಇದೇ: “ಸಲ್ಲುತ್ತದೆ ಎಂದು ನೀವು ಹಾಕಿಕೊಂಡ ಈ ಅಂಕಿಗೆ ಆಧಾರವೇನು?”